ಪಟ್ಟಿಯ ಮೊದಲ ಸಾಲಿಗೆ ಬಾಡಿಗೆ ಉಂಟು!

ಬೋರ್ ಮೋಟಾರು ಕೆಟ್ಟಾಗ ಫೋನು ತೋರಿಸುವ ಮೇಸ್ತ್ರಿ ಯಾರು? ಯಾಕೆ ಅವನೇ ಮೇಲೆ?

ದಾವಣಗೆರೆಯಲ್ಲಿ ಬೇಸಿಗೆ ಕಾಲಿಟ್ಟಿತೆಂದರೆ ಬಾಯಿಗೆ ಬರುವ ಮಾತು ಎರಡೇ. ಒಂದು ನಲ್ಲಿ ನೀರು, ಇನ್ನೊಂದು ಬೋರ್ ಮೋಟಾರು. ನಲ್ಲಿಯ ಕಥೆ ಪಾಲಿಕೆಗೆ ಸೇರಿದ್ದು. ಮೋಟಾರಿನ ಕಥೆ ಮಾತ್ರ ಮನೆ ಯಜಮಾನನ ಹಣೆಬರಹ.

ಹಿಂದೆ ಮೋಟಾರು ನಿಂತರೆ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು. "ನಿಮ್ಮನೆ ಮೋಟಾರು ಯಾರ್ ನೋಡ್ತಾರ್ರೀ?" ಎಂದರೆ ಹೆಸರು, ಅಂಗಡಿ, ಅವನ ಗುಣಾವಗುಣ ಎಲ್ಲ ಒಂದೇ ಉಸಿರಿಗೆ ಸಿಗುತ್ತಿತ್ತು. ಈಗ ಹಾಗಲ್ಲ. ಬೆರಳು ಫೋನಿನ ಮೇಲೆ ಓಡುತ್ತದೆ. 'ಮೋಟಾರ್ ರಿಪೇರಿ' ಎಂದು ಒತ್ತಿದರೆ ಹತ್ತಾರು ಹೆಸರು. ಕೆಳಗಿನವರೆಗೂ ಹೋಗುವ ತಾಳ್ಮೆ ಯಾರಿಗಿದೆ? ಮೇಲಿನ ಎರಡು ಮೂರು ಹೆಸರಿಗೆ ಫೋನು ಹಚ್ಚುತ್ತಾರೆ. ಮೇಲಿದ್ದಾನೆಂದರೆ ಒಳ್ಳೆಯವನೇ ಇರಬೇಕು ಎಂಬ ನಂಬಿಕೆ. ಶಾಲೆಯಲ್ಲಿ ಮೊದಲ ರ‍್ಯಾಂಕಿನ ಹುಡುಗನನ್ನು ಮೊದಲು ಕರೆದು ಅಭ್ಯಾಸವಲ್ಲವೇ!

ಇಲ್ಲೇ ಎಡವಟ್ಟು. ಈ ಪಟ್ಟಿ ಅಂಕಪಟ್ಟಿಯಲ್ಲ. ಇದು ಜಾತ್ರೆಯ ಅಂಗಡಿ ಸಾಲು. ಗುಡಿ ಬಾಗಿಲ ಎದುರಿನ ಜಾಗಕ್ಕೆ ಹೆಚ್ಚು ಬಾಡಿಗೆ ಕೊಟ್ಟವನು ಅಲ್ಲಿ ಕೂರುತ್ತಾನೆ. ಅವನ ಮಂಡಕ್ಕಿ ಗರಿಗರಿಯಾಗಿದೆಯೋ, ಮೆತ್ತಗಾಗಿದೆಯೋ ಎಂಬುದು ಬೇರೆಯೇ ಪ್ರಶ್ನೆ.

ದುಡ್ಡು ಎಲ್ಲಿಂದ ಬರುತ್ತೆ?

ವಿಳಾಸ ಹುಡುಕುವವನು ಒಂದು ಪೈಸೆ ಕೊಡುವುದಿಲ್ಲ. ಆದರೂ ಪಟ್ಟಿ ನಡೆಸುವ ಕಂಪನಿಗೆ ಸಂಬಳ, ಬಾಡಿಗೆ, ಕಂಪ್ಯೂಟರು, ಲಾಭ ಎಲ್ಲ ಬೇಕು. ಹಾಗಾದರೆ ಕೊಡುವವನು ಯಾರು? ಹೆಸರು ಹಾಕಿಸಿಕೊಂಡವನು. ಇದರಲ್ಲಿ ಗುಟ್ಟೇನೂ ಇಲ್ಲ.

ನಮ್ಮ ದೇಶದಲ್ಲಿ ಈ ವ್ಯಾಪಾರದ ದೊಡ್ಡ ಹೆಸರು ಜಸ್ಟ್ ಡಯಲ್. ವಿ.ಎಸ್.ಎಸ್. ಮಣಿ ಎಂಬುವರು 1996ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಕಂಪನಿ. ಆಗ ಅಂತರ್ಜಾಲವಿನ್ನೂ ಮನೆಮನೆಗೆ ಬಂದಿರಲಿಲ್ಲ. ಫೋನು ಮಾಡಿ "ನಮ್ಮ ಏರಿಯಾದಲ್ಲಿ ಪ್ಲಂಬರ್ ಬೇಕು" ಎಂದರೆ ಆ ಕಡೆ ಕೂತ ಹುಡುಗಿ ನಂಬರು ಹೇಳುತ್ತಿದ್ದಳು. ಕೇಳುವವನಿಗೆ ಪುಕ್ಕಟೆ, ಅಂಗಡಿಯವನಿಗೆ ಚಂದಾ. 2013ರಲ್ಲಿ ಕಂಪನಿ ಷೇರು ಪೇಟೆಗೆ ಬಂತು. ಆಗ ಸಲ್ಲಿಸಿದ ಕಾಗದಪತ್ರದಲ್ಲೇ ದುಡ್ಡು ಕೊಟ್ಟವರ ದರ್ಜೆಗಳಿದ್ದವು: ಪ್ಲಾಟಿನಂ, ಡೈಮಂಡ್, ಗೋಲ್ಡ್. ಮೆಟ್ಟಿಲು ಮೇಲಿನದಾದಷ್ಟೂ ಹೆಸರೂ ಮೇಲೆ. 2021ರಲ್ಲಿ ರಿಲಯನ್ಸ್ ರೀಟೇಲ್ ವೆಂಚರ್ಸ್ ಈ ಕಂಪನಿಯ ಹತೋಟಿಯನ್ನು ಕೊಂಡುಕೊಂಡಿತು. ಒಡೆಯ ಬದಲಾದ, ವ್ಯಾಪಾರದ ತಳಹದಿ ಅದೇ: ಹುಡುಕುವವನಿಗೆ ಪುಕ್ಕಟೆ, ಕಾಣಿಸಿಕೊಳ್ಳುವವನಿಗೆ ಕಾಸು.

ಗೂಗಲ್‌ನ ಲೆಕ್ಕ ಸ್ವಲ್ಪ ಬೇರೆ. ನಕಾಶೆಯ ಜೊತೆ ಬರುವ ಸ್ಥಳೀಯ ಹೆಸರುಗಳನ್ನು ಮೂರು ಸಂಗತಿ ನೋಡಿ ಜೋಡಿಸುತ್ತೇವೆ ಎಂದು ಅದು ಹೇಳುತ್ತದೆ. ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ದುಡ್ಡು ಕೊಟ್ಟು ಈ ಸಾಲಿನಲ್ಲಿ ಮೇಲೆ ಬರಲು ಆಗುವುದಿಲ್ಲ ಎಂದೂ ಹೇಳುತ್ತದೆ. ಸರಿ. ಆದರೆ ಆ ಸಾಲಿನ ತಲೆಯ ಮೇಲೇ ಜಾಹೀರಾತಿನ ಸಾಲು ಬಂದು ಕೂರುತ್ತದೆ. ಮೂಲೆಯಲ್ಲಿ Sponsored ಎಂಬ ಸಣ್ಣ ಪದ. ಕನ್ನಡಕ ಮರೆತವರಿಗೆ ಎರಡೂ ಒಂದೇ!

ಹಳೆಯ ಟೆಲಿಫೋನ್ ಡೈರೆಕ್ಟರಿ ಕಂಡವರಿಗೆ ಇದು ಹೊಸದಲ್ಲ. ಅಲ್ಲೂ ವ್ಯಾಪಾರಸ್ಥರ ಪುಟದಲ್ಲಿ ದುಡ್ಡು ಕೊಟ್ಟವನ ಹೆಸರು ದಪ್ಪಕ್ಷರದಲ್ಲಿ, ಚೌಕಟ್ಟಿನೊಳಗೆ ಮೆರೆಯುತ್ತಿತ್ತು. ಆದರೆ ಅಲ್ಲಿ ಚೌಕಟ್ಟು ಕಂಡರೆ ಜಾಹೀರಾತು ಎಂದು ಯಾರಿಗೂ ಗೊತ್ತಾಗುತ್ತಿತ್ತು. ಫೋನಿನ ಪಟ್ಟಿಯಲ್ಲಿ ಚೌಕಟ್ಟು ಮಾಯ. ಜಾಹೀರಾತೇ ಉತ್ತರದ ವೇಷ ಹಾಕಿ ಬರುತ್ತದೆ.

ಮೇಲೆ ಕೂರಲು ಯಾರಿಗೆ ಆಸೆ?

ಇಲ್ಲಿ ಒಂದು ಮಾತು ಸರಿಯಾಗಿ ತಿಳಿಯಬೇಕು. ದುಡ್ಡು ಕೊಟ್ಟವನೆಲ್ಲ ಕಳ್ಳನಲ್ಲ. ಐಟಿಐ ಮುಗಿಸಿ ಪೂನಾದಲ್ಲೋ ಬೆಂಗಳೂರಲ್ಲೋ ನಾಲ್ಕು ವರ್ಷ ದುಡಿದು ಊರಿಗೆ ಮರಳಿದ ಹುಡುಗನನ್ನು ನೆನೆಯಿರಿ. ಕೈಯಲ್ಲಿ ಕಸುಬಿದೆ, ಗಿರಾಕಿ ಇಲ್ಲ. ಅವನು ಪಟ್ಟಿಗೆ ದುಡ್ಡು ಕಟ್ಟಿದರೆ ತಪ್ಪೇನು? ಬೋರ್ಡು ಬರೆಸುವುದಕ್ಕಿಂತ ಅದೇನೂ ಬೇರೆಯಲ್ಲ.

ಹಾಗಾದರೆ ಪಟ್ಟಿಯ ಮೊದಲ ಸಾಲು ಏನನ್ನು ಹೇಳುತ್ತದೆ? ಇವನಿಗೆ ಹೊಸ ಗಿರಾಕಿ ಬೇಕಾಗಿದೆ ಎನ್ನುವುದನ್ನು ಹೇಳುತ್ತದೆ. ಅಷ್ಟೇ. ಯಾಕೆ ಬೇಕಾಗಿದೆ ಎಂಬುದನ್ನು ಹೇಳುವುದಿಲ್ಲ. ಊರಿಗೆ ಹೊಸಬನಾದ್ದರಿಂದಲೋ? ಅಂಗಡಿ ದೊಡ್ಡದು ಮಾಡಿದ್ದರಿಂದಲೋ? ಅಥವಾ ಒಮ್ಮೆ ಕರೆದವರು ಮತ್ತೆ ಕರೆಯದೆ ಇರುವುದರಿಂದಲೋ? ಮೂವರೂ ಒಂದೇ ಸಾಲಿನಲ್ಲಿ, ಒಂದೇ ಬಣ್ಣದಲ್ಲಿ ಕೂತಿರುತ್ತಾರೆ.

ಇನ್ನು ಇಪ್ಪತ್ತು ವರ್ಷದಿಂದ ಅದೇ ಬಡಾವಣೆಯಲ್ಲಿ ಮೋಟಾರು ಎತ್ತುತ್ತಿರುವ ಮೇಸ್ತ್ರಿಯ ಮಾತು ಬೇರೆ. ಬೇಸಿಗೆಯಲ್ಲಿ ಅವನಿಗೆ ಊಟಕ್ಕೂ ಪುರಸೊತ್ತಿರುವುದಿಲ್ಲ. ಪಟ್ಟಿಯವರು ಫೋನು ಮಾಡಿದರೆ "ಇರೋ ಕೆಲ್ಸ ಮುಗಿಸೋಕೇ ಆಗ್ತಿಲ್ಲ, ಬಿಡ್ರಿ" ಎಂದು ಇಟ್ಟುಬಿಡುತ್ತಾನೆ. ಅವನ ಹೆಸರು ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಇದ್ದರೆ ಎಲ್ಲೋ ಪಾತಾಳದಲ್ಲಿ, ಹಳೇ ನಂಬರಿನ ಜೊತೆ!

ಸಣ್ಣ ರಿಪೇರಿ ದೊಡ್ಡದಾಗುವ ಲೆಕ್ಕ

ದುಡ್ಡು ಕೊಟ್ಟವನು ಒಳ್ಳೆಯವನೇ ಇರಬಹುದು. ಆದರೂ ಅವನ ಕೈ ಕಟ್ಟಿಹಾಕುವ ಒಂದು ಲೆಕ್ಕವಿದೆ. ಅಂಕಿಗಳು ಉದಾಹರಣೆಗೆ ಮಾತ್ರ. ದರ ಊರಿಂದ ಊರಿಗೆ, ಕಸುಬಿಂದ ಕಸುಬಿಗೆ ಬೇರೆ.

ಒಬ್ಬ ಮೆಕ್ಯಾನಿಕ್ಕು ತಿಂಗಳಿಗೆ 3,000 ರೂಪಾಯಿ ಕಟ್ಟುತ್ತಾನೆ ಅನ್ನೋಣ. ತಿಂಗಳಿಗೆ 30 ವಿಚಾರಣೆ ಬರುತ್ತವೆ. ಆದರೆ ಒಬ್ಬ ಗಿರಾಕಿಯ ನಂಬರು ಒಬ್ಬನಿಗೇ ಹೋಗುವುದಿಲ್ಲ, ನಾಲ್ಕೈದು ಜನಕ್ಕೆ ಹೋಗುತ್ತದೆ. ನೀವು ಒಮ್ಮೆ ಹುಡುಕಿದ್ದಕ್ಕೆ ಐದು ನಿಮಿಷದಲ್ಲಿ ನಾಲ್ಕು ಕಡೆಯಿಂದ ಫೋನು ಬಂದದ್ದು ನೆನಪಿದೆಯೇ? ಅದೇ ಇದು. ಹೀಗಾಗಿ ಮೂವತ್ತರಲ್ಲಿ ಕೈಗೆ ಹತ್ತಿದ ಕೆಲಸ ಐದು ಎನ್ನೋಣ. ಮೂರು ಸಾವಿರವನ್ನು ಐದಕ್ಕೆ ಹಂಚಿ. ಕೆಲಸಕ್ಕೆ 600 ರೂಪಾಯಿ, ಅವನು ಸ್ಕ್ರೂ ಡ್ರೈವರ್ ಹಿಡಿಯುವ ಮೊದಲೇ ಖರ್ಚಾಗಿದೆ.

ಈಗ ಆ ಐದರಲ್ಲಿ ಒಂದು ಕೆಲಸ ಬರೀ ಒಂದು ಕೆಪಾಸಿಟರ್ ಬದಲಿಸುವುದು. ಸಾಮಾನು, ಕೂಲಿ, ಪೆಟ್ರೋಲು ಸೇರಿ ನಾನ್ನೂರು ಐನೂರಕ್ಕೆ ಮುಗಿಯಬೇಕು. ಆರುನೂರು ಆಗಲೇ ಹೋಗಿದೆಯಲ್ಲ, ಇದರಲ್ಲಿ ಹುಟ್ಟುವುದು ಹೇಗೆ? ಒಳ್ಳೆಯವನಾದರೆ ನಷ್ಟ ಹೊತ್ತುಕೊಂಡು ಮುಂದಿನ ವರ್ಷ ಪಟ್ಟಿಯಿಂದ ಹೊರಬೀಳುತ್ತಾನೆ. ಹೊರಬೀಳಲು ಮನಸ್ಸಿಲ್ಲದವನು ಸಣ್ಣ ಕೆಲಸವನ್ನು ದೊಡ್ಡದು ಮಾಡುತ್ತಾನೆ. ವರ್ಷ ವರ್ಷ ಈ ಜರಡಿ ಹಿಡಿದರೆ ಕೊನೆಗೆ ಮೇಲೆ ಉಳಿಯುವವರು ಯಾರು? ನೀವೇ ಲೆಕ್ಕ ಹಾಕಿ.

ಇಡೀ ಮನೆಗೆ ಬಣ್ಣ, ತಾರಸಿಗೆ ವಾಟರ್‌ಪ್ರೂಫಿಂಗ್ ಮುಂತಾದ ಸಾವಿರಾರು ರೂಪಾಯಿಯ ಕೆಲಸದಲ್ಲಿ ಈ ಆರುನೂರು ಕರಗಿಹೋಗುತ್ತದೆ. ಅಲ್ಲಿ ಪಟ್ಟಿಯಿಂದ ಮೂರು ಜನರನ್ನು ಕರೆಸಿ ಅಂದಾಜು ಪಟ್ಟಿ ಬರೆಸಿಕೊಂಡರೆ ನಷ್ಟವಿಲ್ಲ. ಕೆಲಸ ಸಣ್ಣದಾದಷ್ಟೂ ಪಟ್ಟಿ ದುಬಾರಿ. ಇದು ನೆನಪಿರಲಿ.

ಒಂದು ಮನೆ, ಒಂದು ಮೋಟಾರು

ಈ ಲೆಕ್ಕ ಮನೆ ಅಂಗಳದಲ್ಲಿ ಹೇಗೆ ನಡೆಯುತ್ತದೆ ನೋಡೋಣ. ಮನೆ ಊಹೆಯದು. ನಡೆಯುವ ರೀತಿ ಮಾತ್ರ ಊಹೆಯದಲ್ಲ.

ವಿದ್ಯಾನಗರದಲ್ಲೊಂದು ಮನೆ. 300 ಅಡಿ ಬೋರು, ಅದರಲ್ಲಿ ಒಂದು ಹೆಚ್‌ಪಿಯ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಮೋಟಾರು. ಗೋಡೆಯ ಮೇಲೆ ಸ್ಟಾರ್ಟರ್ ಡಬ್ಬಿ. ಭಾನುವಾರ ಬೆಳಿಗ್ಗೆ ಹಸಿರು ಗುಂಡಿ ಒತ್ತಿದರೆ ಆಂಪಿಯರ್ ಮುಳ್ಳು ಮೇಲಕ್ಕೆ ಹಾರಿ ಕೆಳಗೆ ಇಳಿಯದೆ ನಿಂತಿತು. ನೀರಿಲ್ಲ. ಒಂದೆರಡು ಕ್ಷಣದಲ್ಲಿ ಟ್ರಿಪ್ಪು.

ಯಜಮಾನರು ಪಟ್ಟಿಯ ಮೊದಲ ಹೆಸರಿಗೆ ಫೋನು ಮಾಡಿದರು. ಬಂದವನು ಒಂದು ಸಲ ಗುಂಡಿ ಒತ್ತಿದ, ತಲೆ ಆಡಿಸಿದ. "ವೈಂಡಿಂಗ್ ಹೋಗಿದೆ ಸಾರ್. ಮೋಟಾರ್ ಎತ್ಲೇಬೇಕು."

ಎತ್ತುವುದೆಂದರೆ ಮುಕ್ಕಾಲಿ, ಚೈನು ಪುಲ್ಲಿ, ಮೂರು ಆಳು. ಮುನ್ನೂರು ಅಡಿ ಪೈಪು ಬಿಚ್ಚಿ ಹೊರಗೆ ಹಾಕಬೇಕು. ಅದರ ಕೂಲಿ ಬೇರೆ, ರಿವೈಂಡಿಂಗ್ ಬೇರೆ, ಮತ್ತೆ ಇಳಿಸುವ ಕೂಲಿ ಬೇರೆ. ಎಲ್ಲ ಸೇರಿದರೆ ಸಾವಿರಗಳ ಮಾತು. ಟ್ಯಾಂಕು ಖಾಲಿ, ಮನೆಯಲ್ಲಿ ನೆಂಟರು. ಯಜಮಾನರು ಹೂಂ ಅಂದುಬಿಟ್ಟರು.

ಅವರು ಕೇಳಬೇಕಿದ್ದ ಪ್ರಶ್ನೆ ಒಂದೇ ಇತ್ತು: "ವೈಂಡಿಂಗ್ ಹೋಗಿದೆ ಅಂತ ಯಾವುದರಿಂದ ಗೊತ್ತಾಯ್ತು?"

ಕಸುಬು ಗೊತ್ತಿದ್ದವನು ಮೋಟಾರಿಗೆ ಕೈಹಾಕುವ ಮೊದಲು ಡಬ್ಬಿಯ ಮುಂದೆ ಕೂರುತ್ತಾನೆ. ಡಬ್ಬಿಯೇ ಅರ್ಧ ಕಥೆ ಹೇಳುತ್ತದೆ. ಗುಂಡಿ ಒತ್ತಿದರೂ ಆಂಪಿಯರ್ ಮುಳ್ಳು ಅಲುಗದಿದ್ದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ. ಸ್ಟಾರ್ಟರ್, ಓವರ್‌ಲೋಡ್, ಕೇಬಲ್ಲು ನೋಡಬೇಕು. ಮುಳ್ಳು ಮಾಮೂಲಿ ಜಾಗದಲ್ಲೋ ಅದಕ್ಕೂ ಕೆಳಗೋ ನಿಂತು ನೀರು ಮಾತ್ರ ಬಾರದಿದ್ದರೆ ಮೋಟಾರು ತಿರುಗುತ್ತಿದೆ. ನೀರಿನ ಮಟ್ಟ ಕೆಳಗಿಳಿದಿರಬೇಕು, ಇಲ್ಲವೇ ಪೈಪು ಒಡೆದಿರಬೇಕು. ಮುಳ್ಳು ಹಾರಿ ಮೇಲೇ ನಿಂತು ಟ್ರಿಪ್ಪಾದರೆ ಮೋಟಾರು ತಿರುಗಲು ಒದ್ದಾಡುತ್ತಿದೆ. ವೋಲ್ಟೇಜ್ ಕಮ್ಮಿ ಇರಬಹುದು, ಸ್ಟಾರ್ಟಿಂಗ್ ಕೆಪಾಸಿಟರ್ ಸತ್ತಿರಬಹುದು, ಪಂಪಿಗೆ ಮರಳು ಕಚ್ಚಿರಬಹುದು, ವೈಂಡಿಂಗೂ ಹೋಗಿರಬಹುದು.

ಈ ನಾಲ್ಕರಲ್ಲಿ ಮೊದಲ ಎರಡು ಗೋಡೆಯ ಮೇಲೇ ಗೊತ್ತಾಗುತ್ತವೆ. ವೋಲ್ಟ್ ಮೀಟರು ಡಬ್ಬಿಯಲ್ಲೇ ಇದೆ. ಕೆಪಾಸಿಟರನ್ನು ಬಿಚ್ಚಿ ಮೀಟರಿನಲ್ಲಿ ನೋಡಿದರೆ, ಇಲ್ಲವೇ ಅದೇ ಮೈಕ್ರೋಫ್ಯಾರಡ್ ನಂಬರಿನ ಹೊಸದೊಂದನ್ನು ಹಾಕಿ ನೋಡಿದರೆ ಐದು ನಿಮಿಷದ ಕೆಲಸ. ತುದಿ ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಕಣ್ಣಿಗೇ ಕಾಣುತ್ತದೆ. (ಮನೆಯವರು ಕೈಹಾಕಬೇಡಿ. ಮೇನ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಹೊಡೆಯುತ್ತದೆ.)

ವೈಂಡಿಂಗಿನ ಪರೀಕ್ಷೆಗೆ ಮೆಗ್ಗರ್ ಎಂಬ ಯಂತ್ರವಿದೆ. ಮೋಟಾರಿಗೆ ಹೋಗುವ ವೈರುಗಳನ್ನು ಡಬ್ಬಿಯಿಂದ ಬಿಚ್ಚಿ, ವೈರಿಗೂ ಭೂಮಿಗೂ ನಡುವೆ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವುದು. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಅನುಮಾನ, ಸೊನ್ನೆ ತೋರಿಸಿದರೆ ಎಲ್ಲೋ ಸೋರಿದೆ. ಆದರೆ 'ಎಲ್ಲೋ' ಎಂಬ ಮಾತು ಗಮನಿಸಿ! ಸೋರಿದ್ದು ವೈಂಡಿಂಗೇ ಆಗಬೇಕಿಲ್ಲ. ನೀರಿನೊಳಗೆ ಕೇಬಲ್ಲಿಗೂ ಮೋಟಾರಿಗೂ ಹಾಕಿದ ಜಾಯಿಂಟು ಬಿಟ್ಟಿದ್ದರೂ ಮುಳ್ಳು ಸೊನ್ನೆಯನ್ನೇ ತೋರಿಸುತ್ತದೆ. ಅದಕ್ಕೇ ಬಲ್ಲ ಮೇಸ್ತ್ರಿ ಮೋಟಾರು ಮೇಲೆ ಬಂದ ಕೂಡಲೇ ಜಾಯಿಂಟು ಕತ್ತರಿಸಿ ಬರೀ ಮೋಟಾರನ್ನು ಮತ್ತೆ ಅಳೆಯುತ್ತಾನೆ, ಅದೂ ಯಜಮಾನರ ಎದುರಿಗೆ. ಮೋಟಾರು ಸರಿಯಿದ್ದರೆ ಹೊಸ ಜಾಯಿಂಟು ಹಾಕಿ ಇಳಿಸಿಬಿಟ್ಟರಾಯಿತು, ರಿವೈಂಡಿಂಗ್ ಖರ್ಚು ಉಳಿಯಿತು.

ನಮ್ಮ ವಿದ್ಯಾನಗರದ ಮನೆಯಲ್ಲಿ ಇದಾವುದೂ ನಡೆಯಲಿಲ್ಲ. ಮೋಟಾರು ಮೇಲೆ ಬಂತು, ಗೂಡ್ಸ್ ಆಟೋ ಹತ್ತಿ ಹೋಯಿತು. ಎರಡು ದಿನದ ನಂತರ 'ಹೊಸ ವೈಂಡಿಂಗ್' ಆಗಿ ಬಂತು. ಇಳಿಸಿದರು, ಡಬ್ಬಿಗೆ ಹೊಸ ಕೆಪಾಸಿಟರೂ ಹಾಕಿದರು. ನೀರು ಬಂತು! ಯಜಮಾನರು ಖುಷಿಯಿಂದ ಐದು ಸ್ಟಾರು ಕೊಟ್ಟರು. ನೀರು ಬಂದದ್ದು ವೈಂಡಿಂಗಿನಿಂದಲೋ, ಆ ಪುಟ್ಟ ಕೆಪಾಸಿಟರಿನಿಂದಲೋ ಅವರಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಉಳಿದಿಲ್ಲ. ಹಳೇ ತಾಮ್ರದ ತಂತಿಯನ್ನು ಅವರು ಕೇಳಲಿಲ್ಲ, ಇವನು ತೋರಿಸಲಿಲ್ಲ.

ಸ್ಟಾರು ಯಾಕೆ ಸಾಲದು?

ಸ್ಟಾರುಗಳ ದೌರ್ಬಲ್ಯ ಇಲ್ಲೇ ಇದೆ. ಗಿರಾಕಿ ಬರೆಯುವುದು ಕೆಲಸ ಮುಗಿದ ದಿನ, ನೀರು ಬಂದ ಸಂಭ್ರಮದಲ್ಲಿ, ಅನೇಕ ಸಲ ಮೆಕ್ಯಾನಿಕ್ಕು ಎದುರಿಗೇ ನಿಂತು "ಒಂದು ರಿವ್ಯೂ ಹಾಕಿ ಸಾರ್" ಅಂದಾಗ. ಹೊತ್ತಿಗೆ ಬಂದನೇ, ಮಾತು ಮೆತ್ತಗಿತ್ತೇ ಎಂಬುದಕ್ಕೆ ಆ ಸ್ಟಾರು ಸಾಕ್ಷಿ. ಕೆಲಸ ಬೇಕಿತ್ತೇ ಬೇಡವಾಗಿತ್ತೇ ಎಂಬುದಕ್ಕೆ ಅಲ್ಲ. ಎಂಟು ತಿಂಗಳಿಗೆ ಮೋಟಾರು ಮತ್ತೆ ಸುಟ್ಟರೆ ಹಳೇ ಸ್ಟಾರು ಅಳಿಸಲು ಯಾರು ಹೋಗುತ್ತಾರೆ?

ಇನ್ನು ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಯ ಕಥೆ ಬೇರೆ. ಭಾರತೀಯ ಮಾನಕ ಸಂಸ್ಥೆ 2022ರ ನವೆಂಬರಿನಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಐಎಸ್ 19000 ಎಂಬ ಮಾನಕ ಹೊರಡಿಸಿತು. ಹೊರಬಂದದ್ದು ಕಡ್ಡಾಯವಾಗಿ ಅಲ್ಲ, ಇಷ್ಟವಿದ್ದವರು ಪಾಲಿಸಲಿ ಎಂದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ನಿಷೇಧಿಸಿತು. ವೇಷ ಮರೆಸಿದ ಜಾಹೀರಾತು ಅದರಲ್ಲೊಂದು. ಕಾಗದದ ಮೇಲೆ ಕಾನೂನು ಇದೆ. ಆದರೆ ಟ್ಯಾಂಕು ಒಣಗಿದ ಭಾನುವಾರ ಬೆಳಿಗ್ಗೆ ಪ್ರಾಧಿಕಾರ ಬಂದು ಬಾಗಿಲು ತಟ್ಟುವುದಿಲ್ಲ.

ಇದಕ್ಕಿಂತ ಕೆಟ್ಟದ್ದೂ ಒಂದಿದೆ. ದೊಡ್ಡ ಕಂಪನಿಯ 'ಸರ್ವಿಸ್ ಸೆಂಟರ್' ಎಂದು ಬರೆದುಕೊಂಡ ನಂಬರು ಆ ಕಂಪನಿಯದೇ ಆಗಿರಬೇಕಿಲ್ಲ. ಕಂಪನಿಯ ನಂಬರು ಬೇಕಾದರೆ ವಾರಂಟಿ ಕಾರ್ಡಿನಲ್ಲಿ ನೋಡಿ, ಪಟ್ಟಿಯಲ್ಲಿ ಅಲ್ಲ. ಫೋನಿನಲ್ಲೇ "ಹತ್ತು ರೂಪಾಯಿ ಮುಂಗಡ ಕಳಿಸಿ, ಈ ಲಿಂಕ್ ಒತ್ತಿ" ಅಂದರೆ ಅವನು ಮೆಕ್ಯಾನಿಕ್ಕಲ್ಲ, ಜೇಬುಗಳ್ಳ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು, ಇಲ್ಲವೇ cybercrime.gov.in ನಲ್ಲಿ ದೂರು ಹಾಕಬೇಕು.

ಹಾಗಾದರೆ ಒಳ್ಳೇ ಮೇಸ್ತ್ರಿ ಎಲ್ಲಿದ್ದಾನೆ?

ಅವನು ಪಟ್ಟಿಯಲ್ಲಿ ಸಿಗದಿದ್ದರೂ ಮೂರು ಕಡೆ ಸಿಕ್ಕೇ ಸಿಗುತ್ತಾನೆ.

ಮೊದಲನೆಯದು ಬಿಡಿಭಾಗದ ಅಂಗಡಿಯ ಕೌಂಟರು. ವೈಂಡಿಂಗ್ ತಂತಿ, ಬುಷ್, ಕೆಪಾಸಿಟರ್ ಮಾರುವವನಿಗೆ ಊರಿನ ಮೆಕ್ಯಾನಿಕ್ಕರ ಜಾತಕವೇ ಗೊತ್ತು. ಯಾರು ಒಳ್ಳೇ ಕಂಪನಿಯ ಮಾಲು ಒಯ್ಯುತ್ತಾರೆ, ಯಾರು ಕಡಿಮೆ ದರದ್ದನ್ನೇ ಕೇಳುತ್ತಾರೆ, ಯಾರ ಉದ್ರಿ ಪುಸ್ತಕ ಚೊಕ್ಕವಾಗಿದೆ, ಎಲ್ಲ ಅವನಿಗೆ ತಿಳಿದಿದೆ. ಆದರೆ ಹುಷಾರು! ಅಲ್ಲೂ ಕಮಿಷನ್ ಇದ್ದೀತು. "ಒಳ್ಳೇ ಮೆಕ್ಯಾನಿಕ್ ಯಾರಿದಾರೆ?" ಎಂದು ಕೇಳಿದರೆ ತನಗೆ ಲಾಭ ತರುವವನ ಹೆಸರು ಹೇಳಬಹುದು. ಪ್ರಶ್ನೆ ತಿರುಗಿಸಿ ಕೇಳಿ: "ಯಜಮಾನ್ರೇ, ನಿಮ್ಮ ಸ್ವಂತ ಮನೆ ಮೋಟಾರ್ ಕೆಟ್ರೆ ಯಾರನ್ನ ಕರೀತೀರಿ?" ಒಂದೇ ಅಂಗಡಿ ಬೇಡ, ಎರಡು ಮೂರು ಕಡೆ ಕೇಳಿ. ಒಂದೇ ಹೆಸರು ಎರಡು ಬಾಯಲ್ಲಿ ಬಂದರೆ ಬರೆದುಕೊಳ್ಳಿ.

ಎರಡನೆಯದು, ಮೋಟಾರು ಮೇಲಿಂದ ಮೇಲೆ ಕೆಡುವ ಜಾಗ. ಹಾಸ್ಟೆಲ್ಲು, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟು. ದಾವಣಗೆರೆ ಕಾಲೇಜುಗಳ ಊರು, ಹಾಸ್ಟೆಲ್ಲಿಗೇನು ಬರ? ಮನೆಯವರು ಐದು ವರ್ಷಕ್ಕೊಮ್ಮೆ ಮೆಕ್ಯಾನಿಕ್ಕನ್ನು ಕಂಡರೆ ಹಾಸ್ಟೆಲ್ಲಿನ ವಾಚ್‌ಮನ್ ವರ್ಷಕ್ಕೆ ನಾಲ್ಕು ಸಲ ಕಾಣುತ್ತಾನೆ. ಮೂವರನ್ನು ಬದಲಿಸಿ ನಾಲ್ಕನೆಯವನಲ್ಲಿ ನಿಂತಿರುತ್ತಾರೆ. ಮದುವೆ ದಿನ ಮಂಟಪದ ಮೋಟಾರು ನಿಂತಾಗ ರಾತ್ರಿ ಹತ್ತಕ್ಕೆ ಬಂದವನು ಯಾರು? ಆ ಹೆಸರಿಗೆ ತೂಕವಿದೆ.

ಮೂರನೆಯದು ಅಕ್ಕಪಕ್ಕದ ಮನೆ, ಆದರೆ ಹಳೇ ಕೆಲಸ. ನಿನ್ನೆ ಮಾಡಿಸಿದವರ ಹೊಗಳಿಕೆ ಬೇಡ. "ಹೋದ ಬೇಸಿಗೆಯಲ್ಲಿ ಮಾಡಿಸಿದ್ರಲ್ಲ, ಈಗ ಹೆಂಗಿದೆ? ಮಧ್ಯೆ ಕೆಟ್ಟಿತ್ತಾ? ಕೆಟ್ಟಾಗ ಕರೆದರೆ ಬಂದ್ನಾ?" ಕೊನೆಯ ಪ್ರಶ್ನೆಯೇ ಮುಖ್ಯ. ಯಾರ ಕೆಲಸವೂ ಒಮ್ಮೊಮ್ಮೆ ಕೆಡುತ್ತದೆ. ಕೆಟ್ಟ ಮೇಲೆ ಫೋನು ಎತ್ತುವವನು ಯಾರು ಎಂಬುದನ್ನು ನೋಡಬೇಕು.

ಹೀಗೆ ಎರಡು ಹೆಸರು ಸಿಕ್ಕ ಮೇಲೆ ಪಟ್ಟಿಗೂ ಕೆಲಸವಿದೆ. ಅವನ ನಂಬರು, ಅಂಗಡಿ ವಿಳಾಸ ಅದರಲ್ಲಿ ನೋಡಿ. ಪಟ್ಟಿಯಿಂದಲೇ ಯಾರನ್ನಾದರೂ ಕರೆಸಬೇಕಾದ ಸಂದರ್ಭ ಬಂದರೆ Sponsored, Ad ಎಂದಿರುವ ಸಾಲು ದಾಟಿ ಕೆಳಗಿಳಿಯಿರಿ. ಫೋನಿನಲ್ಲಿ "ಅಂಗಡಿ ಎಲ್ಲಿ? ಪಕ್ಕದಲ್ಲಿ ಏನಿದೆ?" ಎಂದು ಕೇಳಿ. ಊರವನಾದರೆ ಥಟ್ಟನೆ ಗುರುತು ಹೇಳುತ್ತಾನೆ. ಬೇರೆ ಊರಲ್ಲಿ ಕೂತು ಕೆಲಸ ಹಂಚುವವನಾದರೆ ತೊದಲುತ್ತಾನೆ.

ಕರೆಯುವ ಮೊದಲು ಮೂರು ಮಾತು

"ಬಂದು ನೋಡೋಕೆ ಎಷ್ಟು ತಗೋತೀರಿ? ಮೋಟಾರ್ ಎತ್ತೋ ಮುಂಚೆ ಮೆಗ್ಗರ್ ಹಾಕಿ ತೋರಿಸ್ತೀರಾ? ತೆಗೆದ ಸಾಮಾನು ನಮಗೇ ಕೊಟ್ಟು ಹೋಗ್ತೀರಾ?" ಬರುವ ಖರ್ಚು ಕೇಳಿದ್ದಕ್ಕೆ ಬೇಸರಪಡಬೇಡಿ, ಅದು ನ್ಯಾಯ. ನೋಡಲು ಬರುವುದು ಪುಕ್ಕಟೆ ಅನ್ನುವವನ ಬಗ್ಗೆಯೇ ಎಚ್ಚರ. ಅವನ ಪೆಟ್ರೋಲು ದುಡ್ಡು ನಿಮ್ಮ ರಿಪೇರಿಯೊಳಗೇ ಅಡಗಿ ಕೂತಿರುತ್ತದೆ.

ಹಳೇ ಸಾಮಾನು ಕೇಳುವುದರಲ್ಲಿ ಜಿಪುಣತನವಿಲ್ಲ. ಸುಟ್ಟ ವೈಂಡಿಂಗ್ ಕರ್ರಗಿರುತ್ತದೆ, ವಾಸನೆ ಬರುತ್ತದೆ, ಮುಚ್ಚಿಡಲಾಗದು. ತಾಮ್ರಕ್ಕೆ ತೂಕದ ಬೆಲೆಯೂ ಇದೆ. ರಿವೈಂಡಿಂಗ್ ಮಾಡುವವನು ಹಳೇ ತಾಮ್ರ ಇಟ್ಟುಕೊಳ್ಳುವುದಾದರೆ ಅದನ್ನು ದರದಲ್ಲಿ ಮುರಿದುಕೊಳ್ಳಲಿ, ಮಾತು ಮೊದಲೇ ಆಗಲಿ.

ಕೆಲಸ ಮುಗಿದ ಮೇಲೆ ಬಿಲ್ಲು. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಎಂಬ ಆಸೆಗೆ ಬೀಳಬೇಡಿ. ಏನು ಕೆಟ್ಟಿತ್ತು, ಏನು ಹಾಕಿದೆ, ಎಷ್ಟು ತಿಂಗಳ ಗ್ಯಾರಂಟಿ ಎಂದು ಒಂದು ಚೀಟಿಯಲ್ಲಾದರೂ ಬರೆಸಿ, ಸಹಿ ಹಾಕಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರದ ಪಟ್ಟಿಯಲ್ಲಿದೆ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಗಳ ಮುಂದಕ್ಕೆ ಹೋದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಆದರೆ ಕೈಯಲ್ಲಿ ಚೀಟಿ ಇಲ್ಲದೆ ಅಲ್ಲಿಗೆ ಹೋದರೆ ಬರೀ ಬಾಯಿ ಮಾತಿನ ಮೊಕದ್ದಮೆ.

ಹುಡುಕುವ ಹೊತ್ತು ಯಾವುದು?

ಪಟ್ಟಿಯ ಮೊದಲ ಸಾಲಿಗೆ ಇಷ್ಟು ಬೆಲೆ ಬಂದದ್ದು ಗಿರಾಕಿಯ ಅವಸರದಿಂದ. ಟ್ಯಾಂಕು ಒಣಗಿದಾಗ, ಮಗು ಸ್ನಾನಕ್ಕೆ ಕಾದಾಗ, ಯಾರು ಮೊದಲು ಬಂದರೂ ದೇವರೇ! ಆ ಗಳಿಗೆಯಲ್ಲಿ ಮೆಗ್ಗರ್ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಮೇಲಿನ ಜಾಗ ಮಾರುವವರಿಗೂ, ಕೊಳ್ಳುವವರಿಗೂ ಇದು ಚೆನ್ನಾಗಿ ಗೊತ್ತು.

ಅದಕ್ಕೇ ಹುಡುಕಬೇಕಾದದ್ದು ಮೋಟಾರು ಕೆಟ್ಟ ದಿನವಲ್ಲ. ಶಿವರಾತ್ರಿಗೆ ಮುಂಚೆ, ಮೇಸ್ತ್ರಿಗಳ ಕೈ ಖಾಲಿ ಇರುವಾಗ ಒಂದು ಸಣ್ಣ ಕೆಲಸ ಕೊಟ್ಟು ಕರೆಸಿ. ಸ್ಟಾರ್ಟರಿನ ಕಾಂಟ್ಯಾಕ್ಟ್ ಒರೆಸಿ ಕೊಡು, ಆಂಪಿಯರ್ ನೋಡಿ ಹೇಳು ಎನ್ನಿ. ಇನ್ನೂರು ಮುನ್ನೂರರ ಕೆಲಸದಲ್ಲಿ ಹೊತ್ತಿಗೆ ಬಂದನೇ, ಕಾರಣ ಬಿಡಿಸಿ ಹೇಳಿದನೇ, ಬೇಡದ್ದನ್ನು ಬೇಡ ಅಂದನೇ ಎಂಬುದು ತಿಳಿಯುತ್ತದೆ. "ಏನೂ ಆಗಿಲ್ಲ, ಇನ್ನೂ ಎರಡು ಬೇಸಿಗೆ ಓಡುತ್ತೆ" ಎಂದು ಹೇಳಿ ಹೋದವನ ನಂಬರನ್ನು ಜೋಪಾನವಾಗಿಡಿ.

ಎಲ್ಲಿಡುವುದು? ಫೋನಿನಲ್ಲಲ್ಲ, ಫೋನು ಕಳೆಯುತ್ತದೆ. ಸ್ಟಾರ್ಟರ್ ಡಬ್ಬಿಯ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿ. ಅವನ ಹೆಸರು, ನಂಬರು, ಮಾಡಿದ ಕೆಲಸ, ತಾರೀಖು, ಮೋಟಾರು ಚೆನ್ನಾಗಿ ಓಡುವಾಗ ಮುಳ್ಳು ಎಷ್ಟರಲ್ಲಿತ್ತು ಎಂಬುದನ್ನೂ ಬರೆಯಿರಿ. ನಾಳೆ ಯಾರೇ ಬಂದು ತಲೆ ಆಡಿಸಿ "ವೈಂಡಿಂಗ್ ಹೋಗಿದೆ" ಅಂದರೂ, ಆ ಕಾಗದ ಅವನಿಗಿಂತ ಮೊದಲು ಮಾತಾಡುತ್ತದೆ.